ಬಸ್ ಹಿಡಿಯೋ ಅವಸರದಾಗ ಒಂದು ‘ರಿ’

ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಲ್ಲಿ ಬೆಳಿಗ್ಗೆ ಕಾಲೇಜ್ ಬಸ್ಸಿಗೆ ಓಡ್ತಿರ್ತೀವಿ. ಕಟ್ಟೆ ಮೇಲೆ ಕುಂತ ಕಾಕಾ ಕೇಳ್ತಾರ: “ಏನೋ ತಮ್ಮಾ, ಆರಾಮ ಅದಿ?” ನಾವು ಬರೀ “ಹೂಂ” ಅಂದು ದಾಟಿದರೆ ಮರುದಿನ ಒಂದು ಮಾತು ಕೇಳಬೇಕಾಗ್ತದ: “ಭಾಳ ದೊಡ್ಡಾಂವ ಆಗೀಯಲ್ಲೋ!”

ಅವರಿಗೆ ಬೇಸರ ಆಗಿದ್ದು ನಮ್ಮ ಅವಸರಕ್ಕಲ್ಲ, ಬರೀ ‘ಹೂಂ’ಗೆ. ಇದಕ್ಕ ಎರಡು ಸೆಕೆಂಡ್ ಸಾಕು. ನಡಿಗೆ ಸ್ವಲ್ಪ ನಿಧಾನ ಮಾಡಿ, ಮುಖ ನೋಡಿ ಅನ್ನೋದು: “ಆರಾಮ್ರಿ ಕಾಕಾ, ಬಸ್ ಬಂದೈತ್ರಿ, ಬರ್ತೀನ್ರಿ.”

ಇದರಲ್ಲಿ ‘ರಿ’ ಮರ್ಯಾದೆ ಕೊಡ್ತದ, ‘ಕಾಕಾ’ ಗುರುತು ಹಿಡಿದದ್ದನ್ನ ತೋರಿಸ್ತದ, ‘ಬಸ್ ಬಂದೈತಿ’ ನಿಲ್ಲದಿರೋ ಕಾರಣ ಹೇಳ್ತದ. ಕೊನೆಗೆ ‘ಹೋಗ್ತೀನಿ’ ಅನ್ನಬಾರದು. ಹೊರಡುವಾಗ ಆ ಮಾತು ಹಿರಿಯರ ಕಿವಿಗೆ ಅಪಶಕುನ. ‘ಬರ್ತೀನಿ’ ಅಂದರೆ ಮತ್ತೆ ಸಿಗ್ತೀವಿ ಅಂತ ಅರ್ಥ.

ಆದರೆ “ಸಂಜೀಕ ಮನಿಗೆ ಬರ್ತೀನ್ರಿ” ಅಂತ ಸುಮ್ಮನೆ ಹೇಳಬ್ಯಾಡ್ರಿ. ಅವರು ನಿಜವಾಗಿ ದಾರಿ ಕಾಯ್ತಾರ.

ಕಿವಿಯಲ್ಲಿ ಫೋನ್ ಇದ್ದರೆ? ಬಲಗೈ ಎದೆಗೆ ತಂದು ತಲೆ ಬಾಗಿಸಿದರಾತು. ಸಂಜೆ ಬಸ್ ಇಳಿದಾಗ ಮೊದಲು ನಾವೇ ಕೇಳೋಣ: “ಚಹಾ ಆತೇನ್ರಿ ಕಾಕಾ?” ಬೆಳಗಿನ ಬಾಕಿ ಅಲ್ಲಿಗೆ ತೀರ್ತದ.