ಯಾವ ಷರತ್ತು ಯಾವುದಕ್ಕೆ ಮಣಿಯಬೇಕು?

ಬೆಂಗಳೂರಿನಲ್ಲಿ ಜೂನ್ 1ರಂದು ಒಂದು ಮನೆ ಬಾಡಿಗೆಗೆ ಹೋಯಿತು ಎಂದುಕೊಳ್ಳೋಣ. ತಿಂಗಳಿಗೆ 20,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್, 11 ತಿಂಗಳ ಕರಾರು. ಕರಾರು ಪತ್ರದ 4ನೇ ಷರತ್ತು ಹೀಗಿದೆ: “ಮೊದಲ ಆರು ತಿಂಗಳು ಲಾಕ್-ಇನ್ ಅವಧಿ. ಅಷ್ಟರೊಳಗೆ ಬಾಡಿಗೆದಾರರು ಮನೆ ಖಾಲಿ ಮಾಡಿದರೆ ಆ ಅವಧಿಯ ಉಳಿದ ತಿಂಗಳುಗಳ ಬಾಡಿಗೆಯನ್ನೂ ಕೊಡತಕ್ಕದ್ದು.” ಪುಟ ತಿರುಗಿಸಿದರೆ 9ನೇ ಷರತ್ತು: “ಎರಡೂ ಪಕ್ಷದವರಲ್ಲಿ ಯಾರೇ ಆಗಲಿ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಈ ಕರಾರನ್ನು ಮುಗಿಸಬಹುದು.”

ಜುಲೈ ಕೊನೆಗೆ ಬಾಡಿಗೆದಾರರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ನೋಟಿಸ್ ಕೊಟ್ಟು ಆಗಸ್ಟ್ 31ಕ್ಕೆ ಮನೆ ಬಿಡುತ್ತಾರೆ. ಮಾಲೀಕರು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳ ಬಾಡಿಗೆ 60,000 ರೂಪಾಯಿ ಹಿಡಿದುಕೊಂಡು 40,000 ವಾಪಸ್ ಕೊಡುತ್ತಾರೆ.

“ಸಾರ್, ಒಂದು ತಿಂಗಳ ಮೊದಲೇ ನೋಟಿಸ್ ಕೊಟ್ಟಿದ್ದೀನಲ್ಲ. 9ನೇದು ನೋಡಿ.”

“ನೀವು 4ನೇದು ನೋಡಿಯಪ್ಪ. ಅದಕ್ಕೂ ನಿಮ್ಮದೇ ಸಹಿ ಇದೆ.”

ಇಬ್ಬರೂ ಸುಳ್ಳು ಹೇಳುತ್ತಿಲ್ಲ. 4ನೇ ಷರತ್ತು ಬರೆಯುವಾಗ 9ರ ನೆನಪಿರಲಿಲ್ಲ, 9 ಬರೆಯುವಾಗ 4ರ ನೆನಪಿರಲಿಲ್ಲ. ಎರಡಕ್ಕೂ ನಡುವೆ ಯಾವುದು ಮೇಲು, ಯಾವುದು ಅದಕ್ಕೆ ಮಣಿಯಬೇಕು ಎಂದು ಪತ್ರದಲ್ಲಿ ಎಲ್ಲೂ ಹೇಳಿಲ್ಲ. ಹಾಗೆ ಹೇಳಲೆಂದೇ ಕಾನೂನಿನ ಭಾಷೆಯಲ್ಲಿ ಎರಡು ಮಾತುಗಳಿವೆ: ಇಂಗ್ಲಿಷ್ ಕರಾರುಗಳಲ್ಲಿ ‘ಸಬ್ಜೆಕ್ಟ್ ಟು’ ಮತ್ತು ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ಕನ್ನಡದಲ್ಲಿ ‘ಒಳಪಟ್ಟು’ ಮತ್ತು ‘ಏನೇ ಇದ್ದರೂ’. ಹಳೆಯ ಕಾಗದಪತ್ರಗಳಲ್ಲಿ ಎರಡನೆಯದು ‘ಏನೇ ಇದ್ದಾಗ್ಯೂ’ ಎಂದೂ ಕಾಣಿಸುತ್ತದೆ.

ಒಂದು ಬಾಗುತ್ತದೆ, ಒಂದು ಮೀರುತ್ತದೆ

ಎರಡೂ ಒಂದೇ ಸಂಬಂಧವನ್ನು ಎದುರುಬದುರು ತುದಿಗಳಿಂದ ಹೇಳುತ್ತವೆ. ‘4ನೇ ಷರತ್ತಿಗೆ ಒಳಪಟ್ಟು’ ಎಂದು ಶುರುವಾಗುವ ವಾಕ್ಯ ತಾನೇ ಬಾಗುತ್ತದೆ. ಇಬ್ಬರಿಗೂ ಜಗಳ ಬಂದರೆ 4ನೆಯದೇ ಗೆಲ್ಲಲಿ ಎನ್ನುತ್ತದೆ. ‘4ನೇ ಷರತ್ತಿನಲ್ಲಿ ಏನೇ ಇದ್ದರೂ’ ಎಂದು ಶುರುವಾಗುವ ವಾಕ್ಯ 4ನ್ನು ಮೀರುತ್ತದೆ. ಮೊದಲನೆಯದನ್ನು ಸೋಲುವ ಷರತ್ತಿನಲ್ಲಿ ಬರೆಯುತ್ತೇವೆ, ಎರಡನೆಯದನ್ನು ಗೆಲ್ಲುವ ಷರತ್ತಿನಲ್ಲಿ. ಇವೆರಡೂ ಪರಸ್ಪರ ವಿರುದ್ಧ ದಿಕ್ಕಿನ ಮಾತುಗಳೆಂದು ಸುಪ್ರೀಂ ಕೋರ್ಟ್ 1986ರ ಚಂದಾವರ್ಕರ್ ಸೀತಾ ರತ್ನ ರಾವ್ ಪ್ರಕರಣದ ತೀರ್ಪಿನಲ್ಲಿ ವಿವರಿಸಿದೆ.

ಇದರ ಅಚ್ಚುಕಟ್ಟಾದ ಮಾದರಿ ನೋಡಬೇಕೆಂದರೆ ನಮ್ಮ ಸಂವಿಧಾನದ 246ನೇ ವಿಧಿಯನ್ನು ತೆರೆಯಬೇಕು. ಕೇಂದ್ರಪಟ್ಟಿ, ಸಮವರ್ತಿ ಪಟ್ಟಿ, ರಾಜ್ಯಪಟ್ಟಿ ಎಂಬ ಮೂರು ಪಟ್ಟಿಗಳ ವಿಷಯದಲ್ಲಿ ಯಾರು ಕಾನೂನು ಮಾಡಬೇಕೆಂದು ಅದು ಹೇಳುತ್ತದೆ. ಮೊದಲ ಖಂಡ, 2 ಮತ್ತು 3ನೇ ಖಂಡಗಳಲ್ಲಿ ಏನೇ ಇದ್ದರೂ ಕೇಂದ್ರಪಟ್ಟಿಯ ಅಧಿಕಾರ ಸಂಸತ್ತಿನದೇ ಎನ್ನುತ್ತದೆ. ಮೂರನೇ ಖಂಡ, 1 ಮತ್ತು 2ನೇ ಖಂಡಗಳಿಗೆ ಒಳಪಟ್ಟು ರಾಜ್ಯಪಟ್ಟಿಯ ಅಧಿಕಾರ ರಾಜ್ಯ ಶಾಸಕಾಂಗದ್ದು ಎನ್ನುತ್ತದೆ. ನಡುವಿನ ಎರಡನೇ ಖಂಡದಲ್ಲಿ ಎರಡು ಮಾತೂ ಇವೆ: 3ನೇ ಖಂಡದಲ್ಲಿ ಏನೇ ಇದ್ದರೂ ಸಂಸತ್ತಿಗೆ, 1ನೇ ಖಂಡಕ್ಕೆ ಒಳಪಟ್ಟು ರಾಜ್ಯಕ್ಕೂ ಸಮವರ್ತಿ ಪಟ್ಟಿಯ ಅಧಿಕಾರ. ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದರೂ ಕೆಳಗಿನ ಮೆಟ್ಟಿಲಲ್ಲಿ ನಿಂತು ನೋಡಿದರೂ ಕಾಣುವ ಏಣಿ ಒಂದೇ. ಪ್ರತಿ ಮಾತಿನ ಜೊತೆಗೂ ಯಾವ ಖಂಡ ಎಂಬ ಸಂಖ್ಯೆ ಇದೆ.

ಎಲ್ಲಿ ಬರೆಯಬೇಕು?

ಎರಡರ ಅರ್ಥ ಒಂದೇ ಆದರೆ ಯಾವುದನ್ನು ಬಳಸಿದರೇನು ಎನಿಸಬಹುದು. ಓದುವವರ ಕಡೆಯಿಂದ ನೋಡಿದರೆ ವ್ಯತ್ಯಾಸ ದೊಡ್ಡದು. ಕರಾರನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಯಾರೂ ದಿನಾ ಓದುವುದಿಲ್ಲ. ಮನೆ ಬಿಡುವ ಯೋಚನೆ ಬಂದಾಗ ಬಾಡಿಗೆದಾರರು ‘ನೋಟಿಸ್’ ಎಂಬ ಪದ ಹುಡುಕಿ ನೇರ 9ನೇ ಷರತ್ತಿಗೆ ಹೋಗುತ್ತಾರೆ. 4ನೇ ಷರತ್ತಿನಲ್ಲಿ ‘9ರಲ್ಲಿ ಏನೇ ಇದ್ದರೂ’ ಎಂದು ಬರೆದಿದ್ದರೆ ಕಾನೂನಿನ ಲೆಕ್ಕಕ್ಕೆ ಸಾಕು, ಆದರೆ 9ನ್ನು ಓದುತ್ತಿರುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ತಾವು ಓದುತ್ತಿರುವ ಷರತ್ತು ಬೇರೆಲ್ಲೋ ಸೋತಿದೆ ಎಂಬುದು ಅವರಿಗೆ ಗೊತ್ತಾಗುವುದು ಅಡ್ವಾನ್ಸ್ ಕಡಿತವಾದ ದಿನ.

ಆದ್ದರಿಂದ ಎಚ್ಚರಿಕೆಯ ಫಲಕ ಸೋಲುವ ಷರತ್ತಿನ ಬಾಗಿಲಲ್ಲೇ ಇರಬೇಕು. 9ನ್ನು ಹೀಗೆ ಬರೆದರೆ ಮೇಲಿನ ಜಗಳವೇ ಹುಟ್ಟುವುದಿಲ್ಲ: “4ನೇ ಷರತ್ತಿಗೆ (ಲಾಕ್-ಇನ್) ಒಳಪಟ್ಟು, ಎರಡೂ ಪಕ್ಷದವರಲ್ಲಿ ಯಾರೇ ಆಗಲಿ ಒಂದು ತಿಂಗಳ ನೋಟಿಸ್ ಕೊಟ್ಟು ಈ ಕರಾರನ್ನು ಮುಗಿಸಬಹುದು.” ಸಂಖ್ಯೆಯ ಪಕ್ಕದಲ್ಲಿ ‘ಲಾಕ್-ಇನ್’ ಎಂಬ ಹೆಸರನ್ನೂ ಬರೆದಿರುವುದಕ್ಕೆ ಕಾರಣವಿದೆ. ಮಾತುಕತೆಯಲ್ಲಿ ಒಂದು ಷರತ್ತು ಕೈಬಿಟ್ಟರೆ ಮುಂದಿನವೆಲ್ಲ ಒಂದೊಂದು ಸಂಖ್ಯೆ ಮೇಲೆ ಸರಿಯುತ್ತವೆ. 4 ಇದ್ದದ್ದು 3 ಆಗುತ್ತದೆ, 9ರೊಳಗಿನ ‘4’ ಮಾತ್ರ ಹಾಗೇ ಉಳಿದು ಕರೆಂಟು-ನೀರಿನ ಬಿಲ್ಲಿನ ಷರತ್ತನ್ನು ತೋರಿಸುತ್ತದೆ. ಹೆಸರಿದ್ದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ‘ಯಾವಾಗ ಬೇಕಾದರೂ’ ಎಂಬುದನ್ನೂ ತೆಗೆದಿದ್ದೇನೆ. ಬಾಗುವ ವಾಕ್ಯದಲ್ಲಿ ಆ ಮಾತು ಸೆಟೆದು ನಿಲ್ಲುತ್ತದೆ.

‘ಏನೇ ಇದ್ದರೂ’ ಬೇಕಾಗುವುದು ನಂತರ ಬರುವ ಒಂದು ವಿಶೇಷ ಸಂದರ್ಭ ಹಿಂದಿನ ನಿಯಮವನ್ನು ಮುರಿಯಬೇಕಾದಾಗ. ಮಳೆಗಾಲದಲ್ಲಿ ತಾರಸಿ ಸೋರುತ್ತಿದೆ, ಮಾಲೀಕರು ರಿಪೇರಿ ಮಾಡಿಸುತ್ತಿಲ್ಲ. ಆಗಲೂ ಲಾಕ್-ಇನ್ ಹಿಡಿದುಕೊಂಡು ಕೂರುವುದು ನ್ಯಾಯವಲ್ಲ ಎಂದು ಇಬ್ಬರೂ ಒಪ್ಪಿದರೆ 12ನೇ ಷರತ್ತು ಹೀಗಿರಬಹುದು: “4ನೇ ಷರತ್ತಿನಲ್ಲಿ (ಲಾಕ್-ಇನ್) ಏನೇ ಇದ್ದರೂ, ಲಿಖಿತ ದೂರು ಕೊಟ್ಟ 15 ದಿನಗಳೊಳಗೆ ಮಾಲೀಕರು ಸೋರಿಕೆಯನ್ನು ಸರಿಪಡಿಸದಿದ್ದರೆ, ಬಾಡಿಗೆದಾರರು ಉಳಿದ ತಿಂಗಳುಗಳ ಬಾಡಿಗೆ ಕೊಡದೆ ಕರಾರನ್ನು ಮುಗಿಸಬಹುದು.” ಇದಕ್ಕೆ ಜೋಡಿಯಾಗಿ 4ರ ಆರಂಭದಲ್ಲಿ ‘12ನೇ ಷರತ್ತಿಗೆ (ಸೋರಿಕೆ) ಒಳಪಟ್ಟು’ ಎಂದೂ ಬರೆದರೆ, 246ನೇ ವಿಧಿಯಂತೆ ಎರಡೂ ತುದಿಯಲ್ಲಿ ಫಲಕ ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. 12ನೆಯದು ಮೀರಿದ್ದು 4ನ್ನು ಮಾತ್ರ, 9ನ್ನಲ್ಲ. ಹಾಗಾಗಿ ಸೋರುವ ಮನೆ ಬಿಡುವವರೂ ಒಂದು ತಿಂಗಳ ನೋಟಿಸ್ ಕೊಡಬೇಕು ಎಂಬ ವಾದಕ್ಕೆ ದಾರಿ ಇದೆ. ಅದು ಬೇಡವೆಂದರೆ ‘4 ಮತ್ತು 9ನೇ ಷರತ್ತುಗಳಲ್ಲಿ ಏನೇ ಇದ್ದರೂ’ ಎಂದು ಬರೆಯಬೇಕು. ಎಷ್ಟನ್ನು ಹೆಸರಿಸುತ್ತೇವೋ ಅಷ್ಟನ್ನೇ ಮೀರುತ್ತೇವೆ.

ಎಲ್ಲರೂ ದೊಡ್ಡವರಾದರೆ

ಹೆಸರಿಸುವ ಶ್ರಮ ತಪ್ಪಿಸಲು ಹಲವರು ‘ಈ ಕರಾರಿನಲ್ಲಿ ಬೇರೆ ಎಲ್ಲಿ ಏನೇ ಇದ್ದರೂ’ ಎಂದು ಬರೆದುಬಿಡುತ್ತಾರೆ. ಒಂದೇ ಷರತ್ತಿನಲ್ಲಿ ಇದ್ದರೆ ಹೇಗೋ ನಡೆದೀತು. ಬೇರೆ ಬೇರೆ ಹಳೆಯ ಕರಾರುಗಳಿಂದ ಷರತ್ತುಗಳನ್ನು ಎತ್ತಿ ಜೋಡಿಸುವಾಗ ಇಂಥ ಎರಡು ಷರತ್ತುಗಳು ಒಂದೇ ಪತ್ರದಲ್ಲಿ ಬಂದು ಕೂರುತ್ತವೆ. ಎರಡೂ ಒಂದನ್ನೊಂದು ಮೀರುತ್ತೇವೆ ಎನ್ನುತ್ತವೆ. ಎರಡು ಕಾಯ್ದೆಗಳಲ್ಲಿ ಹೀಗಾದಾಗ ಸಾಮಾನ್ಯವಾಗಿ ನಂತರ ಬಂದ ಕಾಯ್ದೆಗೆ ಮೇಲುಗೈ ಎಂದು ನ್ಯಾಯಾಲಯಗಳು ಹೇಳಿವೆ. ಒಂದೇ ಕರಾರಿನ ಷರತ್ತುಗಳಿಗೆ ಆ ಉಪಾಯ ಒದಗದು. ಎಲ್ಲವೂ ಹುಟ್ಟಿದ್ದು ಸಹಿ ಬಿದ್ದ ಒಂದೇ ದಿನ. ಇದರ ತಿರುವುಮುರುವು ‘ಇತರ ಷರತ್ತುಗಳಿಗೆ ಒಳಪಟ್ಟು’ ಎಂದು ಎರಡು ಕಡೆ ಬರೆಯುವುದು. ನೀವು ಮೊದಲು, ನೀವು ಮೊದಲು ಎನ್ನುತ್ತಾ ಎರಡೂ ಬಾಗಿಲಲ್ಲೇ ನಿಲ್ಲುತ್ತವೆ.

ಇದನ್ನು ಪತ್ತೆ ಮಾಡಲು ಪೆನ್ಸಿಲ್ ಸಾಕು. ಒಂದು ಹಾಳೆಯಲ್ಲಿ ಷರತ್ತಿನ ಸಂಖ್ಯೆಗಳನ್ನು ಬರೆದುಕೊಳ್ಳಿ. ‘ಒಳಪಟ್ಟು’, ‘ಏನೇ ಇದ್ದರೂ’ ಕಂಡಲ್ಲೆಲ್ಲ ಸೋಲುವ ಸಂಖ್ಯೆಯಿಂದ ಗೆಲ್ಲುವ ಸಂಖ್ಯೆಗೆ ಬಾಣ ಎಳೆಯಿರಿ. ನಮ್ಮ ಕರಾರಿನಲ್ಲಿ 9ರಿಂದ 4ಕ್ಕೆ, 4ರಿಂದ 12ಕ್ಕೆ ಬಾಣ ಹೋಗುತ್ತದೆ. ಹೊರಟಲ್ಲಿಗೇ ತಿರುಗಿ ಬರುವ ಬಾಣಗಳ ಸುತ್ತು ಕಂಡರೆ ಸಹಿ ಹಾಕುವ ಮೊದಲು ಸರಿಪಡಿಸಿ. ಒಂದೇ ವಿಷಯ ಮಾತಾಡುವ ಎರಡು ಸಂಖ್ಯೆಗಳ ನಡುವೆ ಬಾಣವೇ ಇಲ್ಲದಿದ್ದರೆ, ಅಲ್ಲಿಯೂ ನಿಲ್ಲಿ.

ಬಾಣವಿಲ್ಲದ ಕರಾರು ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ? ಎರಡು ಷರತ್ತುಗಳೂ ಬದುಕುವಂತೆ ಹೊಂದಿಸಿ ಓದಲು ನ್ಯಾಯಾಧೀಶರು ಮೊದಲು ನೋಡುತ್ತಾರೆ. ಮೊದಲ ಆರು ತಿಂಗಳಿಗೆ 4, ಆಮೇಲೆ 9 ಎಂಬ ಹೊಂದಾಣಿಕೆ ಮಾಲೀಕರಿಗೆ ಅನುಕೂಲ. ‘ಯಾವಾಗ ಬೇಕಾದರೂ’ ಎಂದು ಬರೆದಿದೆಯಲ್ಲ ಎಂಬುದು ಬಾಡಿಗೆದಾರರ ವಾದ. ಹೊಂದಿಸಲು ಸಾಧ್ಯವೇ ಇಲ್ಲವೆಂದಾದರೆ ಪತ್ರದಲ್ಲಿ ಮೊದಲು ಬಂದ ಷರತ್ತು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ರಾಧಾ ಸುಂದರ್ ದತ್ತ ಪ್ರಕರಣದಲ್ಲಿ ಹೇಳಿದೆ. ಉಯಿಲಿನಲ್ಲಿ ನಿಯಮ ಉಲ್ಟಾ: ಭಾರತೀಯ ಉತ್ತರಾಧಿಕಾರ ಕಾಯ್ದೆಯ 88ನೇ ಕಲಂ ಪ್ರಕಾರ ಕೊನೆಯ ಮಾತಿಗೇ ಬೆಲೆ. ಅಂದರೆ ಟೈಪ್ ಮಾಡಿದವರು ಯಾವುದನ್ನು ಮೊದಲು ಹಾಕಿದರು ಎಂಬುದರ ಮೇಲೆ 60,000 ರೂಪಾಯಿ ನಿಂತುಬಿಡಬಹುದು.

ಕರಾರಿನ ಗೋಡೆಯಾಚೆ

ಈ ಮಾತುಗಳ ಬಲ ಕರಾರಿನ ಒಳಗಷ್ಟೇ. ‘ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ ಬಾಡಿಗೆದಾರರು ನ್ಯಾಯಾಲಯಕ್ಕೆ ಹೋಗುವಂತಿಲ್ಲ’ ಎಂದು ಬರೆದರೂ ಅದು ನಿಲ್ಲದು. ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನೇ ಪೂರ್ತಿ ತಡೆಯುವ ಒಪ್ಪಂದವನ್ನು 1872ರ ಕರಾರು ಕಾಯ್ದೆಯ 28ನೇ ಕಲಂ ಒಪ್ಪುವುದಿಲ್ಲ. ನಮ್ಮ 4ನೇ ಷರತ್ತು 9ರ ಮೇಲೆ ಗೆದ್ದರೂ, 60,000 ಪೂರ್ತಿ ಹಿಡಿದುಕೊಳ್ಳುವುದು ನ್ಯಾಯವಾದ ಪರಿಹಾರವೇ ಎಂದು ಅದೇ ಕಾಯ್ದೆಯ 74ನೇ ಕಲಂ ಹಿಡಿದು ಪ್ರಶ್ನಿಸಬಹುದು. ಕೆಲವು ಕಡೆ ಕಾನೂನೇ ಕರಾರಿಗೆ ದಾರಿ ಬಿಡುವುದೂ ಉಂಟು. ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸ್ ಎನ್ನುವ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ, ಕರಾರಿನಲ್ಲಿ ಬೇರೆ ಮಾತಾಗಿಲ್ಲದಿದ್ದರೆ ಎಂದೇ ಶುರುವಾಗುತ್ತದೆ.

ಮುಂದಿನ ಸಲ ನಿಮ್ಮ ಮುಂದೆ ಬಾಡಿಗೆ ಕರಾರು ಬಂದಾಗ ಎರಡು ಷರತ್ತುಗಳನ್ನು ಹುಡುಕಿ ಪಕ್ಕಪಕ್ಕ ಇಟ್ಟು ಓದಿ: ಎಷ್ಟು ದಿನ ಇರಲೇಬೇಕು ಎನ್ನುವುದು ಒಂದು, ಹೇಗೆ ಬಿಡಬಹುದು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದರ ಸಂಖ್ಯೆ ಇಲ್ಲದಿದ್ದರೆ, ಪೆನ್ನಿನಲ್ಲಿ ‘ಒಳಪಟ್ಟು’ ಎಂದು ಸೇರಿಸಿ, ಇಬ್ಬರೂ ಪಕ್ಕದಲ್ಲಿ ಸಹಿ ಹಾಕಿದ ಮೇಲೆ ಬೀಗದ ಕೈ ತೆಗೆದುಕೊಳ್ಳಿ.