ಏಜೆನ್ಸಿ ಬಿಡುವಾಗ ಲೆಕ್ಕ ಚುಕ್ತಾ ಹೇಗೆ?

ಮಸಾಲೆ ಪುಡಿ ಕಂಪನಿಯೊಂದು ತನ್ನ ಜಾಹೀರಾತು ಏಜೆನ್ಸಿಗೆ ಒಪ್ಪಂದದಂತೆ 60 ದಿನಗಳ ನೋಟಿಸ್ ಕೊಟ್ಟಿತೆನ್ನಿ. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಜಾಹೀರಾತು ಚಿತ್ರದ ಹಕ್ಕು ಸಾಮಾನ್ಯವಾಗಿ ಕಂಪನಿಯದೇ. ಜಿಂಗಲ್ ಸಾಹಿತ್ಯದ ಮಾತು ಬೇರೆ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದರ ಹಕ್ಕು ಸಹಿಯಿರುವ ಪತ್ರದ ಮೂಲಕವೇ ವರ್ಗವಾಗಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕು ಐದೇ ವರ್ಷ. ಆದ್ದರಿಂದ ನೋಟಿಸಿನಲ್ಲಿ ಮೂಲ ಫೈಲುಗಳ ಜೊತೆ ಹಕ್ಕುಪತ್ರವನ್ನೂ ಕೇಳಬೇಕು.

ಪತ್ರಿಕೆಗಳಲ್ಲಿ ಜಾಗ ಕಾಯ್ದಿರಿಸಲು ಕಂಪನಿ 10 ಲಕ್ಷ ರೂಪಾಯಿ ಮುಂಗಡ ಕೊಟ್ಟಿದೆ. 7 ಲಕ್ಷದ ಜಾಹೀರಾತು ಪ್ರಕಟವಾಗಿದೆ. ಆ ಹಣ ಪತ್ರಿಕೆಗಳಿಗೆ ನಿಜಕ್ಕೂ ತಲುಪಿದೆಯೇ? ಏಜೆನ್ಸಿಯ ಬಿಲ್ ಸಾಲದು, ಪತ್ರಿಕೆಯ ರಸೀದಿಯೇ ಬೇಕು. ಉಳಿದ 3 ಲಕ್ಷದ ಬುಕಿಂಗ್ ರದ್ದಾಗಿ ಹಣ ಪೂರ್ತಿ ಮರಳಿದರೆ, ಅದರಲ್ಲಿ ಏಜೆನ್ಸಿಯ ಬಾಕಿ ಶುಲ್ಕ 2 ಲಕ್ಷ ಕಳೆದು, 1 ಲಕ್ಷ ಕಂಪನಿಗೆ ಬರಬೇಕು. ಇದನ್ನು ಇಬ್ಬರೂ ಲಿಖಿತವಾಗಿ ಒಪ್ಪಿದರೆ ವ್ಯವಹಾರ ಮುಗಿದಂತೆ.