ಗೇಮಿಂಗ್ ಕ್ಲಬ್‌ನ ಮೊದಲ ಸಭೆಯಲ್ಲಿ ಆಡಬೇಕಾದ ಮಾತು

ಕಾಲೇಜಿನ ಗೇಮಿಂಗ್ ಕ್ಲಬ್‌ನ ಮೊದಲ ಸಭೆಗೆ ಎರಡು ಬಗೆಯವರು ಬರುತ್ತಾರೆ. ದಿನವೂ ಬಿಜಿಎಂಐ ಆಡಿ ಕೈ ಪಳಗಿದವರು ಒಂದು ಕಡೆ, ಫೋನಿನಲ್ಲಿ ಲೂಡೋ ಬಿಟ್ಟು ಬೇರೇನೂ ಆಡದವರು ಇನ್ನೊಂದು ಕಡೆ. ಸ್ವಾಗತ ಭಾಷಣ ಇರಬೇಕಾದದ್ದು ಈ ಎರಡನೆಯವರಿಗಾಗಿ. ಆಟ ಬಲ್ಲವರು ಹೇಗಿದ್ದರೂ ಉಳಿದುಕೊಳ್ಳುತ್ತಾರೆ.

‘ಎಲ್ಲರನ್ನೂ ಗೌರವಿಸಿ’ ಎಂಬ ನಿಯಮದಿಂದ ಏನೂ ಆಗುವುದಿಲ್ಲ. ಏನು ಮಾಡಬೇಕು, ಏನು ಮಾಡಬಾರದು ಎಂದು ಬಿಡಿಸಿ ಹೇಳಬೇಕು. ಹೆಚ್ಚಿನ ಜಗಳ ಹುಟ್ಟುವುದು ಮೈಕ್‌ನಲ್ಲಿ. ಬಿಜಿಎಂಐ ಸ್ಕ್ವಾಡ್‌ನಲ್ಲಿ ನಾಲ್ವರು. ಹೊಸ ಹುಡುಗನೊಬ್ಬ ಬಯಲಿನಲ್ಲಿ ಓಡಿ ನಾಕ್ ಆದ ಎಂದುಕೊಳ್ಳಿ. ‘ಅಲ್ಲಿಗ್ಯಾಕೋ ಹೋದೆ?’ ಎಂದು ಸೀನಿಯರ್ ಒಬ್ಬ ಕೂಗಿದರೆ ಆ ಹುಡುಗ ಮೈಕ್ ಆಫ್ ಮಾಡುತ್ತಾನೆ. ಗುಂಡು ಯಾವ ದಿಕ್ಕಿನಿಂದ ಬಂತೆಂದು ಗೊತ್ತಿದ್ದವನು ಅವನೊಬ್ಬನೇ. ಆ ಸುಳಿವು ಉಳಿದ ಮೂವರಿಗೆ ಸಿಗುವುದೇ ಇಲ್ಲ. ಮುಂದಿನ ಪಂದ್ಯಕ್ಕೆ ಕರೆದರೆ ‘ನೀವು ಆಡಿ, ನಾನು ನೋಡ್ತೀನಿ’ ಎನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದರೆ ಅವನು ಕ್ಲಬ್ ಬಿಡುವ ಹೊಸ್ತಿಲಲ್ಲಿದ್ದಾನೆಂದು ತಿಳಿಯಬೇಕು.

ಆದ್ದರಿಂದ ಭಾಷಣದಲ್ಲಿ ಹೀಗೆ ಹೇಳಬಹುದು: ‘ಪಂದ್ಯ ನಡೆಯುವಾಗ ಶತ್ರು ಎಲ್ಲಿದ್ದಾನೆ, ಯಾರಿಗೆ ಏನು ಬೇಕು, ಇಷ್ಟೇ ಮಾತು. ಔಟಾದವರು ಆಡುತ್ತಿರುವವರಿಗೆ ಪಾಠ ಹೇಳುವ ಹಾಗಿಲ್ಲ. ತಪ್ಪಿನ ಚರ್ಚೆ ಪಂದ್ಯ ಮುಗಿದ ಮೇಲೆ.’

ಹುಡುಗಿಯ ದನಿ ಕೇಳಿದೊಡನೆ ಊರು, ನಂಬರ್, ಫೋಟೋ ಕೇಳುವವರಿದ್ದಾರೆ. ಅದಕ್ಕೇ ಎಷ್ಟೋ ಹುಡುಗಿಯರು ಮೈಕ್ ಮುಟ್ಟುವುದಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ. ದೂರು ಯಾರಿಗೆ ಕೊಡಬೇಕೆಂದು ಒಬ್ಬ ವಿದ್ಯಾರ್ಥಿಯನ್ನೂ ಒಬ್ಬ ಅಧ್ಯಾಪಕರನ್ನೂ ಅಲ್ಲೇ ಎದ್ದು ನಿಲ್ಲಿಸಿ ತೋರಿಸಿ. ಮೊದಲ ಬಾರಿ ಎಚ್ಚರಿಕೆ, ಎರಡನೆಯ ಬಾರಿ ಕ್ಲಬ್‌ನಿಂದ ಹೊರಗೆ ಎಂಬುದೂ ಅದೇ ದಿನ ಗೊತ್ತಾಗಲಿ. ಶಿಕ್ಷೆ ಮೊದಲೇ ತಿಳಿದಿದ್ದರೆ ಆಮೇಲೆ ಪಕ್ಷಪಾತದ ಮಾತು ಬರುವುದಿಲ್ಲ.

ಭಾಷಣ ಮುಗಿದೊಡನೆ ಆಡಿಸಬೇಕು. ಗೆಳೆಯರು ಗೆಳೆಯರ ಜೊತೆ ಸೇರಲು ಬಿಟ್ಟರೆ ಹೊಸಬರೆಲ್ಲ ಒಂದೇ ಸ್ಕ್ವಾಡ್‌ಗೆ ಬಿದ್ದು ಎರಡು ನಿಮಿಷದಲ್ಲಿ ಔಟಾಗುತ್ತಾರೆ. 20 ಜನರಿದ್ದರೆ ಐದು ಸ್ಕ್ವಾಡ್ ಮಾಡಿ, ಪ್ರತಿಯೊಂದರಲ್ಲೂ ಇಬ್ಬರು ಹಳಬರು, ಇಬ್ಬರು ಹೊಸಬರು ಇರುವಂತೆ ನೀವೇ ಹಂಚಿ. ಆಮೇಲೆ ಕಸ್ಟಮ್ ರೂಮಿನ ಐಡಿ, ಪಾಸ್‌ವರ್ಡ್ ಕೊಡಿ.

ಕೊನೆಯದು ಹಣದ ವಿಷಯ. ‘ಸೋತವರು ನೂರು ರೂಪಾಯಿ’ ಎಂಬ ಪಂಥ ಹಾಸ್ಟೆಲ್‌ನಲ್ಲಿ ಸಲೀಸಾಗಿ ಶುರುವಾಗುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕ್ಲಬ್‌ನ ಹೆಸರಿನಲ್ಲಿ ಒಂದು ರೂಪಾಯಿಯ ಪಂಥಕ್ಕೂ ಅವಕಾಶ ಕೊಡಬೇಡಿ.